ಬರ್ತೀನಿ ಅಂದವರಿಗೊಂದು ನೆನಪೋಲೆ

ಸರ್ಕಾರಿ ಕಚೇರಿಯ ಕನ್ನಡದಲ್ಲಿ ನನಗೆ ತುಂಬ ಇಷ್ಟವಾದ ಪದ ನೆನಪೋಲೆ. ಕೇಳಿದರೆ ಯಾರೋ ಯಾರಿಗೋ ಪ್ರೀತಿಯಿಂದ ಬರೆದ ಕಾಗದ ಅನ್ನಿಸುತ್ತದೆ. ನಿಜದಲ್ಲಿ ಅದು, ಹೋದ ತಿಂಗಳು ನೀವು ಕಳಿಸಬೇಕಾಗಿದ್ದ ಮಾಹಿತಿ ಇನ್ನೂ ಬಂದಿಲ್ಲ, ನಾವು ಮರೆತೂ ಇಲ್ಲ ಎಂದು ಹೆದರಿಸುವ ಕಾಗದ. ಸಿಂಧನೂರಿನ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಕೂತು ಇಪ್ಪತ್ತು ವರ್ಷದಿಂದ ನಾನು ಇಂಥ ಕಾಗದ ಕಳಿಸುತ್ತ ಬಂದಿದ್ದೇನೆ. ನೆನಪೋಲೆ–1 ಹೋಗುತ್ತದೆ, ಉತ್ತರ ಬರುವುದಿಲ್ಲ. ನೆನಪೋಲೆ–2 ಹೋಗುತ್ತದೆ, ಆಗಲೂ ಬರುವುದಿಲ್ಲ. ಅಂತಿಮ ನೆನಪೋಲೆ ಹೋದ ಮೇಲೆ, ನೆನಪೋಲೆ–1 ನಮಗೆ ತಲುಪಿಲ್ಲ ಎಂಬ ಉತ್ತರ ಬರುತ್ತದೆ.

ಈ ಅನುಭವವೇ ನನಗೆ ಮುಳುವಾಯಿತು. ಮಸ್ಕಿಯ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದ ನಾವು ಹಳೆಯ ಗುರುಗಳನ್ನು ಕರೆದು ಗುರುವಂದನೆ ಮಾಡಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ಕೆಲಸ ಹಂಚುವಾಗ, ಮಸ್ಕಿಯಲ್ಲಿ ಖಾನಾವಳಿ ನಡೆಸುವ ನನ್ನ ಗೆಳತಿಗೆ ಊಟದ ಜವಾಬ್ದಾರಿ ಹೋಯಿತು. ಗುರುಗಳನ್ನು ಕರೆಯುವುದು, ಬರುತ್ತಾರೋ ಇಲ್ಲವೋ ಖಾತ್ರಿ ಮಾಡಿಕೊಳ್ಳುವುದು ನನ್ನ ತಲೆಗೆ ಬಂತು. "ನೀ ಹೆಂಗೂ ದಿನಾ ಮಂದಿಗೆ ನೆನಪು ಮಾಡಾಕಿ, ನಿನಗೇನು ಹೊಸಾದು" ಎಂದು ಗುಂಪಿನಲ್ಲಿ ಒಬ್ಬ ಬರೆದ. ಉಳಿದವರು ಅದಕ್ಕೆ ಹೆಬ್ಬೆರಳು ಒತ್ತಿದರು.

ಖಾತ್ರಿಗೆ ನಾವು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿತ್ತು. ನಮಗಿಂತ ಮೊದಲಿನ ತಂಡದವರು ಗುರುವಂದನೆ ಮಾಡಿದಾಗ ಯಾರನ್ನೂ ಎರಡನೇ ಸಲ ಕೇಳಿರಲಿಲ್ಲ. ಕರೆದಿದ್ದೇವೆ, ಬಂದೇ ಬರುತ್ತಾರೆ ಎಂದು ವೇದಿಕೆಯ ಮೇಲೆ ಎಲ್ಲರ ಹೆಸರು ಅಂಟಿಸಿದ ಕುರ್ಚಿ ಇಟ್ಟರು. ಡ್ರಾಯಿಂಗ್ ಸರ್ ಬರಲಿಲ್ಲ. ತಡವಾಗಿ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಹೆಸರಿದ್ದ ಖಾಲಿ ಕುರ್ಚಿ ನೋಡಿ, ಸರ್ ತೀರಿಕೊಂಡಿದ್ದಾರೆ ಎಂದು ತಿಳಿದು ಕುರ್ಚಿಗೆ ಹಾರ ಹಾಕಿದ. ಅವನ ಹಿಂದೆ ಇನ್ನೂ ನಾಲ್ಕು ಜನ ಹಾರ ಹಾಕಿದರು. ಮೈಕಿನಲ್ಲಿದ್ದವನು ಎರಡು ನಿಮಿಷ ಮೌನ ಆಚರಿಸಿಯೇ ಬಿಟ್ಟ. ಆ ಹೊತ್ತಿಗೆ ಡ್ರಾಯಿಂಗ್ ಸರ್ ತಮ್ಮ ಮಗಳ ಮನೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದರು. ಹಾರ ಹಾಕಿದ ಕುರ್ಚಿಯ ಫೋಟೊ ಅವರ ಫೋನಿಗೇ ಬಂತು. ಆ ತಂಡದ ಯಾರ ಜೊತೆಗೂ ಅವರು ಇವತ್ತಿನವರೆಗೆ ಮಾತಾಡಿಲ್ಲ.

ಹಾಗಾಗಿ ನಮ್ಮ ನಿಯಮ ಬಿಗಿಯಾಗಿತ್ತು. ಗುರುಗಳ ಹೆಸರು ಕೆತ್ತಿದ ಫಲಕ ಮಾಡಿಕೊಡುವ ಸಿಂಧನೂರಿನ ಅಂಗಡಿಯವನಿಗೆ ಭಾನುವಾರದ ಕಾರ್ಯಕ್ರಮಕ್ಕೆ ಬುಧವಾರದೊಳಗೆ ಹೆಸರು ಕೊಡಬೇಕಿತ್ತು. ಬುಧವಾರದೊಳಗೆ ಬರುತ್ತೇನೆ ಎಂದವರಿಗೆ ಫಲಕ, ವೇದಿಕೆಯ ಮೇಲೆ ಕುರ್ಚಿ. ಏನೂ ಹೇಳದವರಿಗೆ ಎರಡೂ ಇಲ್ಲ.

ಒಟ್ಟು ಆರು ಜನ ಗುರುಗಳು. ಹೆಡ್‌ಮಿಸ್ ಆಗಿದ್ದ ಮೇಡಂ ನನ್ನ ಸಂದೇಶ ಹೋದ ನಿಮಿಷಕ್ಕೇ ಉತ್ತರ ಕೊಟ್ಟು, ಸೀರೆಯ ಬಣ್ಣ ಯಾವುದಿರಬೇಕು ಎಂದೂ ಕೇಳಿದರು. ಗೊರೇಬಾಳದಲ್ಲಿ ಗದ್ದೆ ಮಾಡಿಕೊಂಡಿರುವ ಡ್ರಿಲ್ ಸರ್, "ಕಾಲುವಿಗೆ ನೀರು ಬಂದ್ರ ಬರಂಗಿಲ್ಲ, ನೀರು ಬರಲಿಲ್ಲಂದ್ರ ಬರ್ತೀನಿ" ಎಂದರು. ಅವರನ್ನು ವಾರಕ್ಕೊಮ್ಮೆ ಕೇಳುವ ಬದಲು ನಾನು ನೀರಿನ ಸುದ್ದಿ ವಿಚಾರಿಸತೊಡಗಿದೆ. ನೀರಿನ ಸರದಿ ಕಾರ್ಯಕ್ರಮದ ಹಿಂದಿನ ವಾರಕ್ಕೇ ಮುಗಿಯುತ್ತದೆ ಎಂದು ಗೊತ್ತಾದ ದಿನ ಫೋನ್ ಮಾಡಿದೆ, ಒಂದೇ ಮಾತಿಗೆ ಒಪ್ಪಿದರು. ಇನ್ನೂ ಮೂವರು ಹಾಗೂ ಹೀಗೂ ಹೂಂ ಎಂದರು. ಉಳಿದವರು ಲಿಂಗಸುಗೂರಿನ ಗಣಿತ ಸರ್ ಒಬ್ಬರೇ. ನನಗೆ ಬೇಕಾಗಿದ್ದವರು ಅವರೊಬ್ಬರೇ. ಉಳಿದ ಐವರು ಬಾರದಿದ್ದರೂ ನಾನು ಊಟ ಮಾಡಿ ಆರಾಮಾಗಿ ಮನೆಗೆ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವರನ್ನು ಕರೆಯಲು ತಿಂಗಳ ಮೊದಲೇ ನಾನು, ಖಾನಾವಳಿಯ ಗೆಳತಿ ಇಬ್ಬರೂ ಲಿಂಗಸುಗೂರಿಗೆ ಹೋಗಿದ್ದೆವು. ಸರ್ ನಮ್ಮನ್ನು ನೋಡಿ ತುಂಬ ಖುಷಿಪಟ್ಟರು, ಚಹಾ ಕೊಡಿಸಿದರು. ಕಾರ್ಡನ್ನು ಎರಡು ಸಲ ಓದಿ ಕಿಸೆಯಲ್ಲಿ ಇಟ್ಟುಕೊಂಡರು. ನಾವು ಮಾತಾಡಿದ್ದಕ್ಕೆಲ್ಲ ತಲೆ ಆಡಿಸಿದರು. "ಆರಾಮಿದ್ದೀರೇನ್ರಿ ಸರ್" ಎಂದು ಗೆಳತಿ ಕೇಳಿದರೆ, "ಐದಕ್ಕೈತಿ, ಸಿಂಧನೂರ್ ಬಸ್ಸು" ಎಂದರು. ತರಗತಿಯಲ್ಲೂ ಅವರು ಹೀಗೇ ಎಲ್ಲಿಂದಲೋ ಎಲ್ಲಿಗೋ ಹಾರಿ ನಗಿಸುತ್ತಿದ್ದರು. ನಾವು ಮನಸಾರೆ ನಕ್ಕೆವು, ಅವರೂ ನಕ್ಕರು.

ಬಸ್ ನಿಲ್ದಾಣದವರೆಗೆ ನಡೆದು ಬಂದು ನಮ್ಮನ್ನು ಹತ್ತಿಸಿ, ಕಿಟಕಿಯ ಕೆಳಗೆ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೈ ಎತ್ತಿ "ಬರ್ತೀನವ್ವ" ಎಂದು ತಿರುಗಿ ನಡೆದರು. ನಾನು ಬಸ್ಸಿನಲ್ಲೇ ಪಟ್ಟಿ ತೆಗೆದು ಅವರ ಹೆಸರಿನ ಮುಂದೆ 'ಬರುತ್ತಾರೆ' ಎಂದು ಬರೆದೆ.

ಗೆಳತಿ ಪಟ್ಟಿಯಲ್ಲಿ ಇಣುಕಿ, "ಏನ್ ಬರದೀಬೇ ಇದು" ಎಂದಳು.

"ಬರ್ತೀನಿ ಅಂದ್ರಲ್ಲ."

"ಅವ್ರು ಮನಿಗೆ ಹೊಂಟಿದ್ರು. ಹೋಗಾಗ ಮಂದಿ ಬರ್ತೀನಿ ಅಂತಾರ, ಹೋಗ್ತೀನಿ ಅಂತಾರೇನು? ದಿನಕ್ಕ ನೂರು ಮಂದಿ ನನ್ನ ಖಾನಾವಳ್ಯಾಗ ಕೈ ತೊಳಕೊಂಡು ಬರ್ತೀನಿ ಅಂದು ಹೋಗ್ತಾರ. ಅವ್ರೆಲ್ಲ ಮತ್ತ ಬರ್ತಾರಂತ ಅಕ್ಕಿ ಇಡ್ಲೇನು?"

"ಹೊಂಟಿದ್ದು ನಾವು. ಬಸ್ಸಿನ್ಯಾಗ ಕುಂತಿದ್ದು ನಾವು. ಕಳಸಾಕ ಬಂದವ್ರು ಹೋಗಿ ಬರ್ರಿ ಅಂತಾರ. ಬರ್ತೀನಿ ಅಂದ್ರಂದ್ರ ಕಾರ್ಯಕ್ರಮಕ್ಕ ಬರ್ತೀನಿ ಅಂತನ."

ಮಸ್ಕಿ ಬರುವವರೆಗೆ ಇದೇ ವಾದ. ಅವಳು ಇಳಿದು ಹೋಗುವಾಗ "ಬರ್ತೀನಿ" ಎಂದಳು, ನಾನು ಸಿಟ್ಟಿನಲ್ಲಿ ಮುಖ ತಿರುಗಿಸಿದೆ. ಸಾಲದ್ದಕ್ಕೆ ಅವಳು ಈ ಪ್ರಶ್ನೆಯನ್ನು ಗುಂಪಿನಲ್ಲಿ ಹಾಕಿದಳು. ಅಲ್ಲಿಗೆ ನನ್ನ ಕಥೆ ಮುಗಿಯಿತು. ವಕೀಲನಾಗಿರುವ ಸಹಪಾಠಿಯೊಬ್ಬ ನನ್ನನ್ನು ಸಾಕ್ಷಿಕಟ್ಟೆಗೆ ಹತ್ತಿಸಿದ. ಸರ್ ಆ ಮಾತು ಆಡಿದಾಗ ಬಸ್ಸಿನ ಗಾಲಿ ಉರುಳಿತ್ತೋ ಇಲ್ಲವೋ? ಎಂಜಿನ್ ಚಾಲೂ ಆಗಿತ್ತು, ಗಾಲಿ ಉರುಳಿರಲಿಲ್ಲ ಎಂದೆ. ಹಾಗಾದರೆ ಮೊದಲು ಜಾಗ ಬಿಟ್ಟವರು ಸರ್, ಆದ್ದರಿಂದ ಅದು ಹೋಗುವ ಬರ್ತೀನಿ ಎಂದು ಅವನು ತೀರ್ಪು ಕೊಟ್ಟ. ಬೀಜದ ಅಂಗಡಿಯವನು ಒಪ್ಪಲಿಲ್ಲ. ಎಂಜಿನ್ ಚಾಲೂ ಆದರೆ ಬಸ್ಸು ಹೊರಟಂತೆಯೇ, ಇದು ಬರುವ ಬರ್ತೀನಿ ಎಂದ. ಗುಂಪು ಎರಡಾಯಿತು. ಮತ ಹಾಕಿಸಿದರು. ಅರ್ಧ ಜನ ಹಾಗೆ, ಅರ್ಧ ಜನ ಹೀಗೆ, ಒಬ್ಬಳು ಗುಲಾಬಿ ಹೂವಿನ ಚಿತ್ರದ ಮೇಲೆ ಶುಭ ಮುಂಜಾನೆ ಎಂದು ಹಾಕಿದಳು.

ಪಟ್ಟಿಯಲ್ಲಿ ನಾನು 'ಬರುತ್ತಾರೆ' ಎಂಬುದರ ಮುಂದೆ ಪ್ರಶ್ನೆ ಚಿಹ್ನೆ ಬರೆದೆ. ಅಂದರೆ ಮತ್ತೊಮ್ಮೆ ಕೇಳಲೇಬೇಕು. ಆದರೆ ಯಾವಾಗ? ಮನೆಗೇ ಹೋಗಿ ಕರೆದು, ಚಹಾ ಕುಡಿದು ಬಂದ ಮಾರನೇ ದಿನವೇ "ಬರ್ತೀರೇನ್ರಿ" ಎಂದರೆ, ನಿಮ್ಮ ಮಾತಿನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ. ಕೊನೆಯ ದಿನ ಕೇಳಿದರೆ, ಯಾರೋ ಬಾರದೆ ಉಳಿದ ಕುರ್ಚಿಗೆ ನಿಮ್ಮನ್ನು ಕೂರಿಸುತ್ತಿದ್ದೇವೆ ಎಂದ ಹಾಗೆ. ಕಚೇರಿಯಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ನೆನಪೋಲೆ ಬಂದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಫೈಲಿಗೆ ಹಚ್ಚುತ್ತಾರೆ.

ಎರಡು ವಾರ ತಡೆದೆ. ಆಮೇಲೆ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮಧ್ಯಾಹ್ನ ಮೂರಕ್ಕೆ ಮಾಡಿದೆ, ಎತ್ತಲಿಲ್ಲ. ಮಾರನೇ ದಿನ ಹನ್ನೊಂದಕ್ಕೆ ಮಾಡಿದಾಗ ಎತ್ತಿದರು. "ಹಲೋ, ಹಲೋ, ಯಾರ್ರಿ, ಏನೂ ಕೇಳಸವಲ್ದು, ಇಡ್ರಿ" ಎಂದು ಇಟ್ಟುಬಿಟ್ಟರು. ನಾನು ನೆಟ್‌ವರ್ಕಿಗೆ ಬೈದು ಮತ್ತೆರಡು ಸಲ ಮಾಡಿದೆ. ಅವರದು ಗುಂಡಿ ಒತ್ತುವ ಹಳೆಯ ಫೋನು, ಸಂದೇಶ ಕಳಿಸಿದರೆ ಓದುವವರಲ್ಲ.

ವಿಷಯ ಕೇಳಿ ಗೆಳತಿ ತಲೆ ಚಚ್ಚಿಕೊಂಡಳು. ಅವಳ ಖಾನಾವಳಿಗೆ ಮದುವೆ, ನಾಮಕರಣದ ಊಟದ ಕೆಲಸವೂ ಬರುತ್ತದೆ. ಎಲೆಯ ಲೆಕ್ಕ ಹೇಳದೆ ಸತಾಯಿಸುವವರನ್ನು ಕೇಳಿ ಕೇಳಿ ಪಳಗಿದವಳು.

"ಮುಂಜಾನಿ ಏಳಕ್ಕ ವಾಕಿಂಗ್ ಹೋಗಿರ್ತಾರ. ಮೂರಕ್ಕ ಮಲಗಿರ್ತಾರ. ಎರಡು ದಿನದಾಗ ಐದು ಸಲ ಫೋನ್ ಹೊಡದಿ. ಫೋನ್ ಎತ್ತಲಿಲ್ಲಂದ್ರೂ ಅದೂ ಕೇಳಿದಂಗನ ಲೆಕ್ಕ, ತಿಳೀತೇನು?"

"ಮತ್ತ ಹೆಂಗ ಕೇಳ್ಲಿ?"

"ಮೂರು ಸಲಕ್ಕ ಮುಗಸಬೇಕು. ಕರದು ಹದಿನೈದು ದಿನಕ್ಕ ಒಂದು. ಅದಾಗಿ ವಾರ ಸುಮ್ಮನಿರಬೇಕು, ಮಂದಿಗೆ ಉಸಿರಾಡಾಕ ಬಿಡಬೇಕು. ಕಡೀದು, ಲೆಕ್ಕ ಕೊಡೋ ಹಿಂದಿನ ದಿನ. ನಾಲ್ಕನೇ ಸಲ ಕೇಳಬಾರದು, ಕೇಳಿದ್ರ ಬರೋರೂ ಬರಂಗಿಲ್ಲ. ಮತ್ತ ಯಾಕ ಕೇಳಾಕತ್ತೀನಿ ಅಂತ ಮೊದಲ ಹೇಳಬೇಕು. ಬುಧವಾರ ಹೆಸರು ಕೊಡಬೇಕ್ರಿ, ಅದಕ್ಕ ಕೇಳಿದೆ ಅನ್ನು. ಆಗ್ಲಿಲ್ಲಂದ್ರ ಬ್ಯಾಸರಿಲ್ರಿ, ಇನ್ನೊಂದಿನ ಮನಿಗೇ ಬಂದು ಸನ್ಮಾನ ಮಾಡ್ತೀವಿ ಅನ್ನು. ಬರಂಗಿಲ್ಲ ಅನ್ನಾಕ ದಾರಿ ಬಿಟ್ರ, ಮಂದಿ ಬರ್ತೀನಿ ಅಂತಾರ."

"ಫೋನ್ ಎತ್ತಂಗಿಲ್ಲಲ್ಲ."

"ಎತ್ತಂಗಿಲ್ಲಂದ್ರ ಬಿಡು, ಕಾಗದ ಬರಿ. ಬರಿಯೋದು ನಿನ್ನ ಕೆಲಸನ ಅಲ್ಲೇನು?"

ಈ ಕೊನೆಯ ಮಾತನ್ನು ಅವಳು ಆಡಬಾರದಾಗಿತ್ತು. ಮರುದಿನ ಊಟದ ಬಿಡುವಿನಲ್ಲಿ ಪ್ರಿಂಟರಿಗೆ ಬಿಳಿಯ ಹಾಳೆ ಹಾಕಿ, ಕಂಪ್ಯೂಟರಿನಲ್ಲಿ ಹಳೆಯ ನೆನಪೋಲೆಯೊಂದನ್ನು ತೆರೆದೆ. ಅಳತೆ, ಅಂಚು ಎಲ್ಲ ಸರಿಯಾಗಿರುತ್ತದೆ, ಮಾತು ಮಾತ್ರ ಬದಲಿಸಿದರಾಯಿತು ಎಂಬ ಜಾಣತನ. ಮೇಲೆ 'ನೆನಪೋಲೆ–1' ಎಂದಿದ್ದನ್ನು ಅಳಿಸಲು ಮನಸ್ಸಾಗಲಿಲ್ಲ. ಎಷ್ಟು ಚೆಂದದ ಪದ, ಸರ್ ಖುಷಿಪಡುತ್ತಾರೆ ಅಂದುಕೊಂಡೆ. ಉತ್ತರ ಬರಲೆಂದು ಪಕ್ಕದಲ್ಲಿ ನನ್ನ ಹೆಸರು, ಕಚೇರಿಯ ವಿಳಾಸ ಹಾಕಿದೆ. ವಿಷಯ: ಗುರುವಂದನೆಗೆ ತಾವು ಬರುವ ಬಗ್ಗೆ. ಉಲ್ಲೇಖ: ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ತಾವು ಆಡಿದ ಮಾತು. ಇದು ತಮಾಷೆ, ಸರ್ ನಗಲಿ ಎಂದು ಬರೆದದ್ದು. ಅದರ ಕೆಳಗೆ ಗೆಳತಿ ಹೇಳಿಕೊಟ್ಟ ಹಾಗೆಯೇ, ಬುಧವಾರ ಹೆಸರು ಕೊಡಬೇಕಿದೆ, ಬರಲಾಗದಿದ್ದರೆ ಖಂಡಿತ ಬೇಸರವಿಲ್ಲ, ನಾವೇ ಮನೆಗೆ ಬರುತ್ತೇವೆ ಎಂದು ಬರೆದೆ. ನಿಮ್ಮನ್ನು ನೋಡುವ ಆಸೆ ನನಗೆ ಎಲ್ಲರಿಗಿಂತ ಹೆಚ್ಚು ಎಂದೂ ಸೇರಿಸಿದೆ. ಕಾಗದವನ್ನು ಅಂಚೆಗೆ ಹಾಕಿ ಬಂದು ಒಳ್ಳೆಯ ನಿದ್ದೆ ಮಾಡಿದೆ.

ಮಾರನೇ ದಿನ ಅದೇ ಕಡತ ತೆರೆದಾಗ ತಪ್ಪು ಕಣ್ಣಿಗೆ ಬಿತ್ತು. ಹಳೆಯ ನೆನಪೋಲೆಯ ಕೊನೆಯ ಸಾಲುಗಳನ್ನು ನಾನು ಅಳಿಸಿಯೇ ಇರಲಿಲ್ಲ. ನಿಮ್ಮನ್ನು ನೋಡುವ ಆಸೆ ಎಂಬುದರ ಕೆಳಗೆ, ದಪ್ಪ ಅಕ್ಷರಗಳಲ್ಲಿ ಹೀಗಿತ್ತು: "ಈ ಪತ್ರ ತಲುಪಿದ ಮೂರು ದಿನಗಳೊಳಗಾಗಿ ಸೂಕ್ತ ಸಮಜಾಯಿಷಿಯೊಂದಿಗೆ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಪರಿಗಣಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ನಗುವುದನ್ನು ನಿಲ್ಲಿಸುವವರೆಗೆ ಫೋನ್ ಮೇಜಿನ ಮೇಲಿಟ್ಟು ನಾಲ್ಕು ಟಪಾಲು ನೋಂದಾಯಿಸಿದೆ. ಆಮೇಲೆ, ತಪ್ಪಾಯಿತೆಂದು ಇನ್ನೊಂದು ಕಾಗದ ಬರೆಯುತ್ತೇನೆ ಎಂದೆ.

"ಬರದ್ರ ಕೈ ಮುರೀತೀನಿ" ಎಂದಳು. "ಅದು ನೆನಪೋಲೆ ಎರಡು ಆಕ್ಕೈತಿ. ವಾರ ಸುಮ್ಮನಿರು ಅಂದೀನಿಲ್ಲ, ಸುಮ್ಮನಿರು. ಮಂಗಳವಾರ ಇಬ್ರೂ ಹೋಗೋಣು, ಕಾಲು ಹಿಡಿಯೋಣು."

ಆ ವಾರ ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು. ಸರ್ ಮೇಲೆ ಮುಂದಿನ ಕ್ರಮ ಜರುಗಿಸುವವಳು ನಾನು. ನಾನು ಈ ಮೇಜಿನ ಹಿಂದೆ ಕೂತಿರುವುದೇ ಅವರಿಂದ.

ಎಂಟನೇ ತರಗತಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಶಾಲೆ ಬಿಡಿಸಿದ್ದ. ಅವನು ಕುರಿ ಕಾಯುತ್ತಿದ್ದ, ಮನೆಯಲ್ಲಿ ಉಳಿದ ಮರಿಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಶಾಲೆ ಶುರುವಾಗಿ ಎರಡು ವಾರಕ್ಕೆ ಗಣಿತ ಸರ್ ಮಸ್ಕಿಯಿಂದ ನಮ್ಮೂರಿಗೆ ಸೈಕಲ್ಲಿನಲ್ಲಿ ಬಂದರು. ನೀರು ಕೇಳಿ ಕುಡಿದರು. ಅಪ್ಪನ ಜೊತೆ ಕುರಿಗಳ ವಿಷಯವನ್ನೇ ಮಾತಾಡಿದರು. ಹೊರಡುವಾಗ ಮಾತ್ರ, "ಹಾಜರಿ ಪುಸ್ತಕದಾಗ ಹೆಸರು ತಿಂಗಳ ಕಡೀತನಕ ಇಟ್ಟಿರ್ತಾರ" ಎಂದರು. ವಾರ ಬಿಟ್ಟು ಮತ್ತೆ ಬಂದರು. ಅಪ್ಪ ಉಂಡು, ಎಲೆ ಅಡಿಕೆ ಹಾಕಿಕೊಂಡು ಕೂತ ಹೊತ್ತು ನೋಡಿ ಬಂದರು. "ಕಳಸಾಕ ಆಗಂಗಿಲ್ಲಂದ್ರ ನನಗೇನು ಸಿಟ್ಟಿಲ್ಲ, ಟಿ.ಸಿ. ನಾನ ತಂದು ಕೊಡ್ತೀನಿ, ನೀವು ಅಲ್ಲೀತನಕ ಬರೋದು ಬ್ಯಾಡ" ಎಂದರು. ತಿಂಗಳ ಕೊನೆಯ ಹಿಂದಿನ ದಿನ ಮೂರನೇ ಸಲ ಬಂದರು. ನಾನು ಕುರಿಮರಿ ಎತ್ತಿಕೊಂಡು ಗೋಡೆಗೆ ಕಿವಿ ಹಚ್ಚಿ ನಿಂತಿದ್ದೆ.

"ನಾಳಿಗೆ ಹೆಸರು ಹೊಡೀತಾರ. ಅದಕ್ಕ ಹೇಳಿ ಹೋಗೋಣಂತ ಬಂದೆ. ಇನ್ನ ನಾ ಬರಂಗಿಲ್ಲ" ಎಂದರು.

ಅಪ್ಪ, "ನಾಳಿ ಬರ್ತಾಳ ತಗೋರಿ" ಎಂದ.

ಖಾನಾವಳಿಯವಳು ಈಗ ಹೇಳಿಕೊಟ್ಟದ್ದನ್ನೆಲ್ಲ ಸರ್ ಆವತ್ತೇ ನಮ್ಮಪ್ಪನ ಮೇಲೆ ಮಾಡಿ ತೋರಿಸಿದ್ದರು. ಅದನ್ನು ಕಣ್ಣಾರೆ ಕಂಡ ನಾನು ಎರಡು ದಿನಕ್ಕೆ ಐದು ಸಲ ಫೋನ್ ಹೊಡೆದು, ಕ್ರಮ ಜರುಗಿಸುವ ಕಾಗದ ಕಳಿಸಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರ ಕುರ್ಚಿ ಇಲ್ಲದ ವೇದಿಕೆಯ ಮುಂದೆ ನಾನು ಹೇಗೆ ಕೂರಲಿ ಎಂದು ಅಳುವೂ ಬಂತು.

ಮಂಗಳವಾರ ಬಂತು. ಮಧ್ಯಾಹ್ನ ರಜೆ ಹಾಕಿ ಲಿಂಗಸುಗೂರಿಗೆ ಹೋಗುವುದೆಂದು ಮಾತಾಗಿತ್ತು. ಹನ್ನೊಂದರ ಹೊತ್ತಿಗೆ ನಾನು ತಲೆ ತಗ್ಗಿಸಿ, ಬಂದ ಟಪಾಲನ್ನು ಆವಕ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕಿಟಕಿಯಿಂದ ಒಂದು ಕೈ ಮಡಿಸಿದ ಹಾಳೆ ಚಾಚಿತು.

"ಇಡ್ರಿ ಅಲ್ಲೇ" ಎಂದೆ.

ಕೈ ಕದಲಲಿಲ್ಲ. "ಇಡ್ರಿ ಅಂದೆನಲ್ರಿ" ಎಂದು ಗದರಿಸಿದೆ. ಆಗಲೂ ಕದಲಲಿಲ್ಲ. ತಲೆ ಎತ್ತಿದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸರ್ ನಿಂತಿದ್ದರು.

ನಾನು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಸರ್, ಅದು ತಪ್ಪಾಗೈತ್ರಿ, ಕೆಳಗಿನ ಸಾಲು ಅಳಸೋದು ಮರ್ತಿದ್ದೆರಿ" ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡಿ ತಲೆ ಆಡಿಸಿದರು. ಆಮೇಲೆ ಹಾಳೆಯನ್ನು ನನ್ನ ಕೈಗಿಟ್ಟು, ಓದು ಎಂದು ಬೆರಳಿನಲ್ಲಿ ತೋರಿಸಿದರು.

ಗೀಟು ಹಾಳೆಯ ಮೇಲೆ, ಕಪ್ಪುಹಲಗೆಯ ಮೇಲೆ ನಾನು ನೋಡಿದ್ದ ಅದೇ ಗುಂಡು ಅಕ್ಷರ.

"ವಿಷಯ: ನೆನಪೋಲೆ–1ಕ್ಕೆ ಸಮಜಾಯಿಷಿ.

1. ಬಸ್ ನಿಲ್ದಾಣದಲ್ಲಿ ಬರ್ತೀನಿ ಎಂದದ್ದು ನಿಜ. ಅದು ಮನೆಗೆ ಹೋಗುವ ಬಗ್ಗೆ.

2. ಎರಡು ವರ್ಷದಿಂದ ನನಗೆ ಕಿವಿ ಕೇಳುವುದಿಲ್ಲ. ಫೋನಿನಲ್ಲಿ ಯಾರು ಎಂಬುದೂ ತಿಳಿಯುವುದಿಲ್ಲ. ನೀವಿಬ್ಬರೂ ಮನೆಗೆ ಬಂದಾಗ ಆಡಿದ ಮಾತು ಒಂದೂ ಕೇಳಿಸಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಯಿತು. ನೀವು ನಕ್ಕಾಗ ನಕ್ಕೆ.

3. ವೇದಿಕೆಯ ಮೇಲೆ ಯಾರು ಏನು ಹೇಳಿದರೂ ನನಗೆ ಗೊತ್ತಾಗುವುದಿಲ್ಲ. ಎಲ್ಲಿ ನಗಬೇಕು, ಎಲ್ಲಿ ಕೈ ಮುಗಿಯಬೇಕು ತಿಳಿಯದೆ ಕೂರುವುದು ಬೇಡ ಎಂದು ಉತ್ತರ ಕೊಡದೆ ಸುಮ್ಮನಿದ್ದೆ.

4. ನಿನ್ನ ಕಾಗದ ಪೂರ್ತಿ ಕೇಳಿಸಿತು.

5. ಮುಂದಿನ ಕ್ರಮ ಜರುಗಿಸಬಾರದಾಗಿ ವಿನಂತಿ."

ನಾಲ್ಕನೆಯದನ್ನು ಓದುವಾಗ ನನಗೆ ಅಕ್ಷರಗಳು ಕಲಸಿಹೋದವು. ಎರಡು ವಾರ ನಾನು ಹೊತ್ತು ಹುಡುಕಿದ್ದೆ, ಬೆಳಿಗ್ಗೆಯೋ ಮಧ್ಯಾಹ್ನವೋ ಎಂದು. ಯಾವ ಹೊತ್ತಿನಲ್ಲಿ ಕೇಳಿದ್ದರೂ ಅವರಿಗೆ ಕೇಳುತ್ತಿರಲಿಲ್ಲ. ಆವಕ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಸರ್ ಹಾಳೆಯ ಇನ್ನೊಂದು ಪ್ರತಿ ಕಿಸೆಯಿಂದ ತೆಗೆದು, "ಇದರ ಮ್ಯಾಲ ಸಹಿ ಹಾಕಿ ಕೊಡವ್ವ. ಮೂರು ದಿನದಾಗ ಉತ್ತರ ಕೊಟ್ಟೀನಿ ಅಂತ ನನ್ನ ಹತ್ರ ಪುರಾವೆ ಇರಬೇಕು" ಎಂದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಇಡೀ ಕಚೇರಿ ನಮ್ಮ ಕಡೆ ತಿರುಗಿತು. ನಾನು ಸಹಿ ಹಾಕಿ, ದಿನಾಂಕವನ್ನೂ ಬರೆದು ಕೊಟ್ಟೆ. ಕಚೇರಿಯ ಮೊಹರಿಗೂ ಕೈ ತೋರಿಸಿದರು, ಅದು ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದೆ.

ಅವರನ್ನು ಒಳಗೆ ಕೂರಿಸಿ ಚಹಾ ತರಿಸಿದೆ. ಖಾಲಿ ಹಾಳೆ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದೆ: "ವೇದಿಕೆ ಮೇಲೆ ನಿಮ್ಮ ಪಕ್ಕ ನಾನು ಕೂರುತ್ತೇನೆ. ಯಾರು ಏನು ಹೇಳಿದರೂ ಬರೆದು ತೋರಿಸುತ್ತೇನೆ. ನಗುವ ಜಾಗದಲ್ಲಿ ನಗು ಎಂದು ಬರೆಯುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಬೇಡ, ಸರ್. ನಾವೇ ಮನೆಗೆ ಬರುತ್ತೇವೆ."

ಅವರು ಎರಡು ಸಲ ಓದಿದರು. ಚಹಾ ಕುಡಿದರು. ಕಪ್ಪು ಕೆಳಗಿಟ್ಟು, "ನಿಮ್ಮಪ್ಪನ್ನ ಕೇಳಾಕ ನಾ ಮೂರು ಸಲ ಬಂದಿದ್ದೆ. ನೀ ಒಂದ ಕಾಗದಕ್ಕ ನನ್ನ ಲಿಂಗಸುಗೂರಿಂದ ಎಬ್ಬಿಸಿಕೊಂಡು ಬಂದಿ" ಎಂದು ನಕ್ಕರು. ನಾನು ಮತ್ತೆ ಕೇಳಬೇಕು ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಕಾಗದ ಒಂದಾಯಿತು, ಈಗ ಬರೆದು ಕೊಟ್ಟದ್ದು ಎರಡಾಯಿತು. ಐದು ಫೋನುಗಳನ್ನು ಲೆಕ್ಕಕ್ಕೆ ಹಿಡಿದರೆ ನಾನು ಎಂದೋ ಹದ್ದು ಮೀರಿದ್ದೆ.

ಅವರು ಎದ್ದರು. ಅಂಗಿ ಸರಿಮಾಡಿಕೊಂಡರು, ಬಾಗಿಲಿನವರೆಗೆ ಹೋಗಿ ಕೈ ಎತ್ತಿದರು.

"ಬರ್ತೀನವ್ವ."

ನನಗೆ ತಡೆಯಲಾಗಲಿಲ್ಲ. ಹಾಳೆ, ಪೆನ್ನು ಹಿಡಿದುಕೊಂಡು ಹಿಂದೆಯೇ ಓಡಿದೆ. ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆದೆ: "ಸರಿಯಾದ ಉತ್ತರಕ್ಕೆ ಗುರುತು ಹಾಕಿರಿ. (ಅ) ಈಗ ಹೋಗುವ ಬರ್ತೀನಿ. (ಆ) ಭಾನುವಾರ ಬರುವ ಬರ್ತೀನಿ."

ಸರ್ ಕನ್ನಡಕ ಹಾಕಿಕೊಂಡರು. ಪರೀಕ್ಷೆಯ ಕೋಣೆಯಲ್ಲಿ ನಾವು ತಿಣುಕುವುದನ್ನು ನೋಡುತ್ತ ನಿಂತಿರುತ್ತಿದ್ದವರು, ಈಗ ನನ್ನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸುವ ನಟನೆ ಮಾಡಿದರು. ಆಮೇಲೆ (ಅ) ಮೇಲೆ ಒಂದು ಗುರುತು ಹಾಕಿದರು. ನನ್ನ ಮುಖ ಸಣ್ಣದಾದದ್ದನ್ನು ನೋಡಿ, (ಆ) ಮೇಲೂ ಒಂದು ಹಾಕಿದರು.

"ಎರಡೂ ಸರಿ" ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿ, ಮೆಟ್ಟಿಲು ಇಳಿದು ಬಸ್ ನಿಲ್ದಾಣದ ಕಡೆ ನಡೆದರು.

ನಾನು ಅಲ್ಲೇ ನಿಂತು ಫಲಕದ ಅಂಗಡಿಗೆ ಫೋನ್ ಮಾಡಿ ಆರನೇ ಹೆಸರು ಹೇಳಿದೆ. ಅಂಗಡಿಯವನಿಗೂ ಹಾರ ಹಾಕಿದ ಕುರ್ಚಿಯ ಕಥೆ ಗೊತ್ತಿತ್ತು.

"ಮೇಡಂ, ಕೆತ್ತಿದ ಮ್ಯಾಲ ಅಳಸಾಕ ಬರಂಗಿಲ್ಲ ನೋಡ್ರಿ. ಪಕ್ಕಾ ಬರ್ತೀನಿ ಅಂದಾರೇನು?"

"ಅಂದಾರ" ಎಂದೆ. "ಬರದು ಕೊಟ್ಟಾರ."